ಶಾಲಾ ವಾರ್ಷಿಕೋತ್ಸವದ ಖರ್ಚಿನ ಅಂದಾಜು: ಪೋಷಕರ ವಂತಿಗೆಯನ್ನು ಕೊನೆಯಲ್ಲಿ ನಿಗದಿ ಮಾಡಿ

ಪ್ರಶ್ನೆ: ನಮ್ಮ ಶಾಲೆಯ ವಾರ್ಷಿಕೋತ್ಸವದ ಖರ್ಚಿನ ಅಂದಾಜು ಪಟ್ಟಿ ಮಾಡುವ ಜವಾಬ್ದಾರಿ ಈ ಸಲ ನನಗೆ ಬಂದಿದೆ. ವೇದಿಕೆ, ಮಕ್ಕಳ ಉಡುಪು, ಬಹುಮಾನ, ಮೈಕ್ ಸೆಟ್ ಎಲ್ಲ ಸೇರಿಸಿ ಪೋಷಕರಿಂದ ತಲಾ ಎಷ್ಟು ಕೇಳಬೇಕು ಎಂದು ಹೇಗೆ ಲೆಕ್ಕ ಹಾಕುವುದು?

ಅನೇಕ ವರ್ಷಗಳಿಂದ ಶಾಲೆಯಲ್ಲಿ ಈ ಲೆಕ್ಕವನ್ನು ನೋಡಿಕೊಳ್ಳುತ್ತಿರುವ ಶಿಕ್ಷಕನಾಗಿ ನನ್ನ ಮೊದಲ ಮಾತು ಇಷ್ಟೇ: ಪೋಷಕರ ವಂತಿಗೆಯನ್ನು ಮೊದಲು ನಿಗದಿಪಡಿಸಿ, ಬಂದ ಹಣಕ್ಕೆ ತಕ್ಕಂತೆ ಖರ್ಚು ಹೊಂದಿಸಲು ಹೋಗಬೇಡಿ. ಹಾಗೆ ಮಾಡಿದರೆ ಕಾರ್ಯಕ್ರಮಕ್ಕೆ ಕೆಲವೇ ದಿನ ಇರುವಾಗ ಹಣ ಸಾಲದೆ, ಎರಡನೆಯ ಬಾರಿ ಪೋಷಕರ ಮುಂದೆ ಕೈಚಾಚುವ ಸ್ಥಿತಿ ಬರುತ್ತದೆ. ಮೊದಲು ಕಾರ್ಯಕ್ರಮಗಳ ಪಟ್ಟಿ ಅಂತಿಮವಾಗಲಿ. ಎಷ್ಟು ನೃತ್ಯ, ಎಷ್ಟು ನಾಟಕ, ಪ್ರತಿಯೊಂದರಲ್ಲಿ ಎಷ್ಟು ಮಕ್ಕಳು ಎಂಬುದು ತಿಳಿಯದೆ ಉಡುಪಿನ ಲೆಕ್ಕವೂ ಸಿಗುವುದಿಲ್ಲ, ವೇದಿಕೆಯ ಅಳತೆಯೂ ಸಿಗುವುದಿಲ್ಲ.

ಉಡುಪಿನಲ್ಲಿ ಎಣಿಸಬೇಕಾದದ್ದು ಮಕ್ಕಳನ್ನಲ್ಲ, ಉಡುಪುಗಳನ್ನು. 12 ಗುಂಪು ಕಾರ್ಯಕ್ರಮಗಳಿದ್ದು ಪ್ರತಿಯೊಂದರಲ್ಲಿ 16 ಮಕ್ಕಳಿದ್ದರೆ 192 ಉಡುಪುಗಳು ಬೇಕಾಗುತ್ತವೆ. ವೇದಿಕೆ ಏರುವ ಮಕ್ಕಳು 150 ಮಾತ್ರ ಇರಬಹುದು, ಏಕೆಂದರೆ ಕೆಲವರು ಎರಡು ಕಡೆ ಕಾಣಿಸಿಕೊಳ್ಳುತ್ತಾರೆ. ಇವುಗಳಲ್ಲಿ ನಾಲ್ಕು ಕಾರ್ಯಕ್ರಮಗಳನ್ನು ಸಮವಸ್ತ್ರದಲ್ಲಿಯೋ ಮನೆಯಲ್ಲಿರುವ ಬಟ್ಟೆಯಲ್ಲಿಯೋ ನಡೆಸುವಂತೆ ಆರಂಭದಲ್ಲಿಯೇ ಯೋಜಿಸಿದರೆ 64 ಉಡುಪುಗಳು ಉಳಿದು, ಬಾಡಿಗೆಗೆ ತರಬೇಕಾದವು 128 ಆಗುತ್ತವೆ. ಇಡೀ ಪಟ್ಟಿಯಲ್ಲಿ ಇಷ್ಟು ಸುಲಭವಾಗಿ, ಇಷ್ಟು ದೊಡ್ಡ ಮೊತ್ತವನ್ನು ಉಳಿಸುವ ಇನ್ನೊಂದು ದಾರಿ ನನಗೆ ಕಂಡಿಲ್ಲ. ಬಾಡಿಗೆಯನ್ನು ಮಾತನಾಡುವಾಗ ದರ ಎಷ್ಟು ದಿನಕ್ಕೆ ಎಂದು ಕೇಳಿ ಬರೆಸಿಕೊಳ್ಳಿ. ಹಿಂದಿನ ದಿನ ಉಡುಪು ತೊಟ್ಟು ತಾಲೀಮು ಮಾಡಿಸುವುದಾದರೆ ಅದು ಎರಡನೆಯ ದಿನವಾಗುತ್ತದೆ. ಠೇವಣಿ ಹಣ ಮರಳಿ ಬರುವುದರಿಂದ ಅದನ್ನು ಖರ್ಚಿನಲ್ಲಿ ಸೇರಿಸಬೇಕಾಗಿಲ್ಲವಾದರೂ, ಆ ಹೊತ್ತಿಗೆ ಅಷ್ಟು ಹಣ ಕೈಯಲ್ಲಿರಲೇಬೇಕು. ಠೇವಣಿಯಲ್ಲಿ ಕಡಿತವಾಗುವುದು ಹೆಚ್ಚಾಗಿ ಬಟ್ಟೆಗಾಗಿ ಅಲ್ಲ, ಕಳೆದುಹೋದ ಕಿವಿಯೋಲೆ, ಗೆಜ್ಜೆ, ಸೊಂಟಪಟ್ಟಿಗಳಿಗಾಗಿ. ಪ್ರತಿ ಮಗುವಿನ ಉಡುಪನ್ನು ಹೆಸರು ಬರೆದ ಪ್ರತ್ಯೇಕ ಚೀಲದಲ್ಲಿ ಕೊಟ್ಟು, ಒಳಗಿರುವ ವಸ್ತುಗಳ ಚೀಟಿಯನ್ನು ಚೀಲಕ್ಕೇ ಅಂಟಿಸಿ, ಮಗು ಮನೆಗೆ ಹೊರಡುವ ಮುನ್ನ ಎಣಿಸಿ ಹಿಂಪಡೆದರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ವೇದಿಕೆಯ ಖರ್ಚನ್ನು ನಿರ್ಧರಿಸುವುದು ಒಟ್ಟು ಕಾರ್ಯಕ್ರಮಗಳ ಸಂಖ್ಯೆಯಲ್ಲ, ಅವುಗಳಲ್ಲಿ ಅತಿ ದೊಡ್ಡ ಗುಂಪು. 16 ಮಕ್ಕಳು ನಾಲ್ಕು ಸಾಲಿನಲ್ಲಿ ಕೈಚಾಚಿ ಕುಣಿಯಲು 24 ಅಡಿ ಅಗಲ, 20 ಅಡಿ ಆಳದ ವೇದಿಕೆ ಸಾಕಾಗುತ್ತದೆ. 8 ಅಡಿಗೆ 4 ಅಡಿ ಅಳತೆಯ ಹಲಗೆಗಳಾದರೆ 15 ಬೇಕು. ಯಾರೋ ಒಬ್ಬರು ಆಸೆಯಿಂದ 40 ಮಕ್ಕಳ ಒಂದು ನೃತ್ಯವನ್ನು ಸೇರಿಸಿದರೆ, ಆ ಐದು ನಿಮಿಷಗಳಿಗಾಗಿ ವೇದಿಕೆಯನ್ನು ಸುಮಾರು ಎರಡು ಪಟ್ಟು ಹಿಗ್ಗಿಸಬೇಕಾಗುತ್ತದೆ. ಅಂಥ ನೃತ್ಯವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅರ್ಧ ಮಕ್ಕಳನ್ನು ವೇದಿಕೆಯ ಮುಂದಿನ ನೆಲದಲ್ಲಿ ನಿಲ್ಲಿಸಿ ಅದನ್ನು ಸಂಯೋಜಿಸಬಹುದು, ಆದರೆ ಅದನ್ನು ನೃತ್ಯ ಕಲಿಸುವವರಿಗೆ ಮೊದಲೇ ಹೇಳಬೇಕು.

ಧ್ವನಿವರ್ಧಕದ ವಿಷಯದಲ್ಲಿ ಒಟ್ಟು ಮೊತ್ತವನ್ನಷ್ಟೇ ಕೇಳಿದರೆ ದರಗಳನ್ನು ಹೋಲಿಸಲಾಗುವುದಿಲ್ಲ. ಎಷ್ಟು ಮೈಕು, ಅದರಲ್ಲಿ ತಂತಿರಹಿತ ಎಷ್ಟು, ಕುಣಿಯುವ ಮಕ್ಕಳಿಗೆ ಹಾಡು ಕೇಳಿಸಲು ವೇದಿಕೆಯ ಕಡೆಗೆ ತಿರುಗಿಸಿದ ಸ್ಪೀಕರ್ ಇದೆಯೇ, ನಡೆಸುವವರ ಕೂಲಿ, ಸಾಗಾಣಿಕೆ ಮತ್ತು ಜನರೇಟರಿನ ಇಂಧನ ಸೇರಿವೆಯೇ, ಎಷ್ಟು ಗಂಟೆಗೆ ಈ ದರ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕೊನೆಯ ಅಂಶವನ್ನು ಬಹಳ ಮಂದಿ ಗಮನಿಸುವುದಿಲ್ಲ. ಉಡುಪು ಬದಲಾವಣೆಗೆ ಸಮಯ ಬಿಡದೆ ಕಾರ್ಯಕ್ರಮದ ಕ್ರಮವನ್ನು ಹಾಕಿದರೆ ಸಂಜೆ ಮುಗಿಯಬೇಕಾದದ್ದು ರಾತ್ರಿಗೆ ಜಾರಿ, ಮೈಕು ಮತ್ತು ದೀಪ ಎರಡಕ್ಕೂ ಹೆಚ್ಚುವರಿ ಗಂಟೆಯ ಹಣ ತೆರಬೇಕಾಗುತ್ತದೆ.

ಬಹುಮಾನಗಳಲ್ಲಿ ತಪ್ಪುವುದು ಎಣಿಕೆಯೇ: ಗುಂಪು ಆಟದಲ್ಲಿ ಗೆದ್ದ ಏಳು ಜನರ ತಂಡಕ್ಕೆ ಒಂದಲ್ಲ, ಏಳು ಬಹುಮಾನಗಳು ಬೇಕು. ಮೂರನೆಯ ಸ್ಥಾನಕ್ಕೆ ಪ್ರಮಾಣಪತ್ರ ಸಾಕು ಎಂಬುದು ನನ್ನ ಅಭಿಪ್ರಾಯ.

ಈಗ ವಂತಿಗೆಯ ಲೆಕ್ಕಕ್ಕೆ ಬರೋಣ. ದರಗಳು ಎಲ್ಲೆಡೆ ಒಂದೇ ಅಲ್ಲವಾದ್ದರಿಂದ ಒಂದು ಉಡುಪಿನ ಬಾಡಿಗೆಯನ್ನು ಒಂದು ಪಾಲು ಎಂದು ಇಟ್ಟುಕೊಳ್ಳುತ್ತೇನೆ. ನೀವು ನಿಮ್ಮ ದರವನ್ನು ಹಾಕಿಕೊಳ್ಳಿ. ಉದಾಹರಣೆಗೆ, 300 ಮಕ್ಕಳ ಶಾಲೆಯಲ್ಲಿ ಉಡುಪಿಗೆ 128 ಪಾಲು, ವೇದಿಕೆ, ದೀಪ ಮತ್ತು ಕುರ್ಚಿಗಳಿಗೆ 90, ಧ್ವನಿವರ್ಧಕಕ್ಕೆ 40, ಬಹುಮಾನಕ್ಕೆ 31, ಆಹ್ವಾನ ಪತ್ರಿಕೆ, ಪ್ರಸಾಧನ, ನೀರು, ತಿಂಡಿ ಮುಂತಾದವುಗಳಿಗೆ 31 ಎಂದುಕೊಂಡರೆ ಒಟ್ಟು 320 ಪಾಲು ಆಗುತ್ತದೆ. ಇದರ ಮೇಲೆ ಹತ್ತನೇ ಒಂದು ಭಾಗ, ಅಂದರೆ 32 ಪಾಲನ್ನು ಅನಿರೀಕ್ಷಿತ ಖರ್ಚಿಗೆಂದು ಇಡಿ. ಆ ಹಣ ಮಳೆ ಬಂದರೆ, ವಿದ್ಯುತ್ ಹೋದರೆ, ಉಡುಪು ಹರಿದರೆ ಬಳಸಲು ಇರುವುದೇ ಹೊರತು ಹೊಸ ಕಾರ್ಯಕ್ರಮ ಸೇರಿಸಲು ಅಲ್ಲ. ಹೀಗೆ 352 ಆಯಿತು. ವೇದಿಕೆ ಮತ್ತು ಧ್ವನಿವರ್ಧಕದ 130 ಪಾಲನ್ನು ಆಡಳಿತ ಮಂಡಳಿಯೇ ಹೊರಬೇಕೆಂದು ನಾನು ಬಲವಾಗಿ ಹೇಳುತ್ತೇನೆ, ಏಕೆಂದರೆ ಮಕ್ಕಳು ಎಷ್ಟೇ ಇರಲಿ, ಸಮಾರಂಭ ಮಾಡುತ್ತೇವೆಂದು ಶಾಲೆ ತೀರ್ಮಾನಿಸಿದ ಕ್ಷಣದಲ್ಲಿಯೇ ಆ ಖರ್ಚು ಹುಟ್ಟುತ್ತದೆ. ಉಳಿದ 222 ಪಾಲು ಪೋಷಕರದು.

ಇದನ್ನು 300ರಿಂದ ಭಾಗಿಸುವುದು ಸಹಜವಾಗಿ ತೋರುತ್ತದೆ. ತಲಾ ಮುಕ್ಕಾಲು ಪಾಲಿಗಿಂತ ತುಸು ಕಡಿಮೆ ಬರುತ್ತದೆ. ಆದರೆ ಒಡಹುಟ್ಟಿದವರನ್ನು ಒಂದೇ ಮನೆಯೆಂದು ಎಣಿಸಿದರೆ ಮನೆಗಳು 250 ಇರಬಹುದು, ಅವುಗಳಲ್ಲಿ ಹತ್ತರಲ್ಲೊಂದು ಮನೆಗೆ ಕೊಡಲು ಸಾಧ್ಯವಾಗದಿರಬಹುದು. 225 ಮನೆಗಳಿಂದ ಆ ದರದಲ್ಲಿ ಸೇರುವುದು ಸುಮಾರು 166 ಪಾಲು ಮಾತ್ರ. 56 ಪಾಲು ಕೊರತೆಯಾಗುತ್ತದೆ. ಆದ್ದರಿಂದ ಭಾಗಿಸಬೇಕಾದದ್ದು 225ರಿಂದ, ಮತ್ತು ಕೇಳಬೇಕಾದದ್ದು ಮನೆಗೆ ಒಂದು ಪಾಲು, ಅಂದರೆ ಒಂದು ಉಡುಪಿನ ಬಾಡಿಗೆಯಷ್ಟು.

ವೇದಿಕೆ ಏರದ ಮಗುವಿನ ಮನೆಯವರು ಉಡುಪಿಗೇಕೆ ಕೊಡಬೇಕೆಂಬ ಪ್ರಶ್ನೆ ಖಂಡಿತ ಬರುತ್ತದೆ, ಮತ್ತು ಅದು ನ್ಯಾಯವಾದ ಪ್ರಶ್ನೆಯೇ. ಆದರೂ ಉಡುಪಿನ ಹಣವನ್ನು ತೊಡುವವರಿಂದಲೇ ವಸೂಲು ಮಾಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದಾಗ ಹಣವಿಲ್ಲದ ಮನೆಯ ಮಗು ತನಗೆ ಕುಣಿಯಲು ಇಷ್ಟವಿಲ್ಲವೆಂದು ಹೇಳಿ ಹಿಂದೆ ಸರಿಯುತ್ತದೆ, ನಾವು ಅದನ್ನು ನಿಜವೆಂದೇ ನಂಬುತ್ತೇವೆ. ಈ ವರ್ಷ ಅವಕಾಶ ಸಿಗದ ಮಕ್ಕಳಿಗೆ ಮುಂದಿನ ವರ್ಷ ಮೊದಲ ಆದ್ಯತೆ ಎಂದು ಪೋಷಕರ ಸಭೆಯಲ್ಲಿಯೇ ತಿಳಿಸಿ, ಅದರಂತೆ ನಡೆದುಕೊಳ್ಳಿ. ವಂತಿಗೆ ಸ್ವಯಂಪ್ರೇರಿತವೆಂದು ಪತ್ರದಲ್ಲಿ ಬರೆಯಿರಿ. ಕೊಡಲಾಗದವರ ಹೆಸರು ಒಬ್ಬ ಶಿಕ್ಷಕರಿಗೆ ಮಾತ್ರ ಗೊತ್ತಿರಲಿ, ತರಗತಿಯಲ್ಲಿ ಮಕ್ಕಳ ಮುಂದೆ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ಎಂದಿಗೂ ಕೇಳಬಾರದು.

ಉಡುಪು, ವೇದಿಕೆ, ಮೈಕು ಮೂರಕ್ಕೂ ಮುಂಗಡ ಕೊಡಬೇಕಾಗುವುದರಿಂದ ವಂತಿಗೆಯ ಕೊನೆಯ ದಿನಾಂಕವನ್ನು ಮುಂಗಡದ ದಿನಾಂಕಕ್ಕಿಂತ ಒಂದು ವಾರ ಮೊದಲೇ ಇಡಿ, ಪ್ರತಿಯೊಬ್ಬರಿಗೂ ರಸೀದಿ ಕೊಡಿ. ಸಮಾರಂಭ ಮುಗಿದ ಮೇಲೆ ಅಂದಾಜು ಮತ್ತು ನಿಜವಾದ ಖರ್ಚನ್ನು ಅಕ್ಕಪಕ್ಕ ಬರೆದು ಸೂಚನಾ ಫಲಕದಲ್ಲಿ ಹಾಕಿ. ಹಣ ಉಳಿದರೆ ಪ್ರತಿ ವರ್ಷ ಬಾಡಿಗೆಗೆ ತರುವ ಸರಳ ಉಡುಪುಗಳ ಒಂದು ಜೊತೆಯನ್ನು ಶಾಲೆಗೇ ಕೊಂಡಿಡುವುದು ಒಳ್ಳೆಯದು. ಅದರಿಂದ ಮುಂದಿನ ವರ್ಷದ ಪಟ್ಟಿಯಲ್ಲಿ ಅಷ್ಟು ಉಡುಪುಗಳ ಬಾಡಿಗೆ ಕಡಿಮೆಯಾಗುತ್ತದೆ.