ಒಂದೇ ಚೌಕದಲ್ಲಿ ತುಂಬಿಹೋದ ಉತ್ತರಗಳು

ಪ್ರಶ್ನೆ: “ಬಿ.ಎ. ಮನಃಶಾಸ್ತ್ರದ ಪ್ರಾಜೆಕ್ಟಿಗೆ ಮೊಬೈಲ್ ಬಳಕೆ ಮತ್ತು ಒತ್ತಡದ ಬಗ್ಗೆ ಸಮೀಕ್ಷೆ ಮಾಡುತ್ತಿದ್ದೇನೆ. 100 ಜನ ಸಾಕೇ, 200 ಬೇಕೇ?”

ನಾನೂ ಇದೇ ವಿಷಯ ತೆಗೆದುಕೊಂಡಿದ್ದೆ, ಇದೇ ಪ್ರಶ್ನೆ ಹಿಡಿದು ಓಡಾಡಿದ್ದೆ. ಜನರ ಲೆಕ್ಕದ ಚಿಂತೆಯನ್ನು ಈಗ ಬಿಡಿ. ನನ್ನನ್ನು ಕೆಡಿಸಿದ್ದು ಅದಲ್ಲ.

ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡುತ್ತೀರಿ ಎಂದು ಕೇಳಿ ಮೂರು ಆಯ್ಕೆ ಕೊಟ್ಟೆ: 0–2, 2–4, 4ಕ್ಕಿಂತ ಹೆಚ್ಚು. 148 ಉತ್ತರಗಳು ಬಂದವು. ಹಾಳೆ ತೆರೆದರೆ 109 ಜನ ಕೊನೆಯ ಚೌಕದಲ್ಲಿದ್ದರು. ನಾಲ್ಕೂವರೆ ಗಂಟೆ ನೋಡುವವರೂ ಹತ್ತು ಗಂಟೆ ನೋಡುವವರೂ ಅಲ್ಲಿ ಒಂದೇ. ಸರಿಯಾಗಿ ಎರಡು ಗಂಟೆ ನೋಡುವವರಿಗಂತೂ ಎರಡು ಚೌಕಗಳು! “ಬಳಕೆ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆಯೇ ಎಂದು ಇದರಿಂದ ಹೇಗೆ ಹೇಳುತ್ತೀಯಮ್ಮಾ?” ಎಂದು ನಮ್ಮ ಮೇಡಂ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಗಂಟೆಗಳನ್ನು ಅಂಕಿಯಾಗಿ ಬರೆಸಿದ್ದರೆ ಆಮೇಲೆ ಬೇಕಾದಂತೆ ಗುಂಪು ಮಾಡಬಹುದಿತ್ತು. ಗುಂಪಾಗಿ ಪಡೆದುದನ್ನು ಮರಳಿ ಅಂಕಿಯಾಗಿಸಲು ಯಾವ ಸಂಖ್ಯಾಶಾಸ್ತ್ರಕ್ಕೂ ಆಗುವುದಿಲ್ಲ. ಇನ್ನೂ 200 ಜನರನ್ನು ಸೇರಿಸಿದ್ದರೂ ಅದೇ ಚೌಕ ಇನ್ನಷ್ಟು ತುಂಬುತ್ತಿತ್ತು, ಅಷ್ಟೇ.

ಆದ್ದರಿಂದ ಆಯ್ಕೆಗಳನ್ನು ಕೊಡಲೇಬೇಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಳಕೆಯ ಸಮಯ ಸಿಗುತ್ತದೆ. ಕಳೆದ ಮೂರು ದಿನಗಳ ಸಮಯವನ್ನು ಅಲ್ಲಿ ನೋಡಿಯೇ ಬರೆಯಲು ಹೇಳಿ, ಸರಾಸರಿಯನ್ನು ನೀವೇ ತೆಗೆಯಿರಿ. ನೆನಪಿನಿಂದ ಹೇಳುವ ಗಂಟೆಗಳನ್ನು ನಾನು ನಂಬುವುದಿಲ್ಲ. ಮೊದಲು ಹತ್ತು ಜನರಿಗೆ ಕೊಟ್ಟು ನೋಡಿ. ಏಳೆಂಟು ಜನ ಒಂದೇ ಉತ್ತರ ಕೊಟ್ಟರೆ ಆ ಪ್ರಶ್ನೆ ಕೆಲಸಕ್ಕೆ ಬಾರದು. ನಾನು ಈ ಒಂದು ಸಂಜೆಯ ಕೆಲಸವನ್ನು ಬಿಟ್ಟಿದ್ದೆ.

ಒತ್ತಡಕ್ಕೆ ಸ್ವಂತ ಪ್ರಶ್ನೆ ಹೊಸೆಯಬೇಡಿ. ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒತ್ತಡ ಮಾಪನದ ಹತ್ತು ಪ್ರಶ್ನೆಗಳ ರೂಪವನ್ನು (PSS-10) ಬಳಸಿ. ಪ್ರತಿ ಪ್ರಶ್ನೆಗೆ 0ಯಿಂದ 4, ಒಟ್ಟು 40 ಅಂಕ. ಅದರಲ್ಲಿ 4, 5, 7, 8ನೆಯ ಪ್ರಶ್ನೆಗಳು ಸಮಾಧಾನವನ್ನು ಕೇಳುತ್ತವೆ. ಅವುಗಳ ಅಂಕವನ್ನು 4ರಿಂದ ಕಳೆದು ಕೂಡಿಸಬೇಕು: 3 ಎಂದಿದ್ದರೆ 1.

ಇನ್ನು ನಿಮ್ಮ ಲೆಕ್ಕ. ಮಧ್ಯಮ ಗಾತ್ರದ, ಅಂದರೆ 0.3ರಷ್ಟು ಸಹಸಂಬಂಧ ನಿಜವಾಗಿ ಇದ್ದರೆ, 85 ಜನರಲ್ಲಿ ಅದು ಕಾಣಿಸಿಕೊಳ್ಳುವ ಸಾಧ್ಯತೆ ಸುಮಾರು ಶೇ. 80. ಅರ್ಧಕ್ಕೆ ಬಿಡುವವರನ್ನೂ ಸೇರಿಸಿ 100 ಸಾಕು. ಆದರೆ ಲಿಂಕನ್ನು ನಿಮ್ಮ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಮಾತ್ರ ಹಾಕಿದರೆ, ವರದಿಯಲ್ಲಿ “ಕಾಲೇಜು ವಿದ್ಯಾರ್ಥಿಗಳು” ಎಂದು ಬರೆಯುವ ಹಕ್ಕು ನಿಮಗಿಲ್ಲ. 200 ಆದರೂ ಇಲ್ಲ.

ಫಾರ್ಮ್ ಈಗಾಗಲೇ ಕಳುಹಿಸಿದ್ದರೆ ಇವತ್ತೇ ಮುಚ್ಚಿ, ತಿದ್ದಿ, ಹೊಸದಾಗಿ ಕಳುಹಿಸಿ. ಹಳೆಯ ಉತ್ತರಗಳನ್ನು ಹೊಸದರ ಜೊತೆ ಬೆರೆಸಬೇಡಿ.