ಆರು ಪ್ಯಾರಾ, ಐದು ಕೊಂಡಿ

ಸಂಪಾದಕರೇ,
ಕಾಫಿ ತೋಟದಲ್ಲಿ ಹೂ ಬಿಡಿಸುವ ಹೂಮಳೆಯ ಮೇಲೆ ನಾನು ಬರೆದ ಪ್ರಬಂಧವನ್ನು ‘ಪ್ಯಾರಾಗಳು ಒಂದಕ್ಕೊಂದು ಅಂಟಿಲ್ಲ’ ಎಂದು ವಾಪಸ್ ಕಳಿಸಿದ್ದೀರಿ. ಮೊದಲನೆಯದು ಬಿಟ್ಟು ಪ್ರತಿ ಪ್ಯಾರಾವನ್ನೂ ಅಲ್ಲದೆ, ಆದಾಗ್ಯೂ, ಮೇಲಾಗಿ, ಆದ್ದರಿಂದ ಎಂದೇ ಶುರು ಮಾಡಿದ್ದೇನೆ; ಕೊನೆಯದಕ್ಕೆ ‘ಒಟ್ಟಾರೆಯಾಗಿ’ ಕೂಡ ಇದೆ. ನನ್ನ ಮಗಳ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಕೋಚಿಂಗ್‌ನಲ್ಲಿ ಹೌವೆವರ್, ಮೋರೋವರ್ ಹಾಕಿದಷ್ಟೂ ಮಾರ್ಕು ಅಂತಾರೆ. ಇನ್ನೇನು ಅಂಟು ಹಚ್ಚಬೇಕು?
– ಒಬ್ಬ ಬೆಳೆಗಾರ, ಗೋಣಿಕೊಪ್ಪಲು

ಸ್ವಾಮಿ, ನಿಮ್ಮ ಪ್ರಬಂಧದಲ್ಲಿ ಸರಕಿದೆ. ಮೊದಲ ಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುವುದನ್ನು ಇಷ್ಟು ಚೆನ್ನಾಗಿ ಬರೆಯುವವರು ನಮ್ಮ ಟಪಾಲಿನಲ್ಲಿ ಹೆಚ್ಚು ಸಿಗುವುದಿಲ್ಲ. ಅದಕ್ಕೇ ಕಸದ ಬುಟ್ಟಿಗೆ ಹಾಕದೆ ವಾಪಸ್ ಕಳಿಸಿದ್ದು.

ಕೋಚಿಂಗ್‌ನವರ ಮಾತಿನಲ್ಲಿ ಅರ್ಧ ನಿಜವಿದೆ. ಆ ಪರೀಕ್ಷೆಯ ಬರವಣಿಗೆಯಲ್ಲಿ ಮಾರ್ಕಿನ ಕಾಲು ಭಾಗ ಬರಹದ ಸುಸಂಬದ್ಧತೆಗೇ ಮೀಸಲು. ಆದರೆ ಪರೀಕ್ಷಕರ ಮಾನದಂಡ ಗುಟ್ಟಿನದೇನಲ್ಲ, ಮಗಳಿಗೇ ತೆಗೆದು ಓದಲು ಹೇಳಿ. ಇಂಥ ಕೊಂಡಿಪದಗಳನ್ನು ಅತಿಯಾಗಿ ಬಳಸುವುದನ್ನು ಅಲ್ಲಿ ದೋಷವೆಂದೇ ಬರೆದಿದ್ದಾರೆ, ಕೊಂಡಿ ಕಣ್ಣಿಗೆ ಬೀಳುವುದೇ ಅಪರೂಪ ಎನ್ನುವಂಥ ಬರಹಕ್ಕೆ ಅತಿ ಹೆಚ್ಚಿನ ಅಂಕ. 1976ರಲ್ಲಿ ಹ್ಯಾಲಿಡೇ ಮತ್ತು ಹಸನ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು ಇಂಗ್ಲಿಷ್ ಬರಹ ಬೆಸೆದುಕೊಳ್ಳುವ ಐದು ಬಗೆ ಪಟ್ಟಿ ಮಾಡಿದರು. ಹೌವೆವರ್, ಮೋರೋವರ್‌ಗಳದು ಅದರಲ್ಲಿ ಒಂದು ಬಗೆ ಮಾತ್ರ. ಉಳಿದ ನಾಲ್ಕನ್ನು ಯಾರೂ ಬಾಯಿಪಾಠ ಮಾಡಿಸುವುದಿಲ್ಲ, ಏಕೆಂದರೆ ಅವನ್ನು ಪಟ್ಟಿ ಮಾಡಿ ಜೆರಾಕ್ಸ್ ಹಂಚಲು ಬರುವುದಿಲ್ಲ.

ಈಗ ನಿಮ್ಮ ಪ್ರಬಂಧ. ಎರಡನೇ ಪ್ಯಾರಾ ಮುಗಿಯುವುದು ಹೀಗೆ: ‘ಹೂ ಬಿಟ್ಟು ಹದಿನೈದಿಪ್ಪತ್ತು ದಿನದಲ್ಲಿ ಇನ್ನೊಂದು ಮಳೆ ಬರದಿದ್ದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ.’ ಮೂರನೆಯದು ಶುರುವಾಗುವುದು: ‘ಆದಾಗ್ಯೂ, ಅನೇಕ ಬೆಳೆಗಾರರು ಸ್ಪ್ರಿಂಕ್ಲರ್ ಬಳಸುತ್ತಾರೆ.’ ಆದಾಗ್ಯೂ ಎಂದರೆ ಹಿಂದಿನ ಮಾತಿಗೆ ಎದುರಾದದ್ದು ಬರಲಿದೆ ಎಂದು ಓದುಗ ಕಾಯುತ್ತಾನೆ. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುವುದರಲ್ಲಿ ಎದುರೇನಿದೆ? ಅದು ಬಾರದ ಮಳೆಯ ಫಲವೇ. ಓದುಗ ಒಂದು ಕ್ಷಣ ನಿಂತು, ತಾನೇ ಏನೋ ತಪ್ಪಿಸಿಕೊಂಡೆ ಎಂದುಕೊಂಡು ಹಿಂದಿನ ಸಾಲಿಗೆ ಹೋಗುತ್ತಾನೆ. ಆ ಪದವನ್ನು ಕಿತ್ತು ಹಾಕಿ ಹೀಗೆ ಬರೆದು ನೋಡಿ: ‘ಈ ಎರಡನೇ ಮಳೆಗೆ ಆಕಾಶವನ್ನೇ ನಂಬಿ ಕೂರಲಾಗದವರು ಕೆರೆಗೆ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ತಿರುಗಿಸುತ್ತಾರೆ.’ ಹಿಂದಿನ ಪ್ಯಾರಾ ಕೆಳಗಿಟ್ಟದ್ದನ್ನು ಮುಂದಿನದು ಮೊದಲ ಮೂರು ಪದದಲ್ಲೇ ಎತ್ತಿಕೊಂಡಿತು. ಓದುಗನಿಗೆ ಗೊತ್ತಿರುವ ಮಳೆ ಮೊದಲು, ಗೊತ್ತಿಲ್ಲದ ಮೋಟಾರ್ ಆಮೇಲೆ. ಈ ಕ್ರಮ ತಪ್ಪದಿದ್ದರೆ ಕೊಂಡಿಯ ನೆನಪೂ ಆಗುವುದಿಲ್ಲ.

ಎತ್ತಿಕೊಳ್ಳುವಾಗ ಬರೀ ‘ಇದು’ ಎಂದರೆ ಸಾಲದು. ‘ಇದು ದುಬಾರಿ’ ಎಂದು ಪ್ಯಾರಾ ಶುರು ಮಾಡಿದರೆ ಮೋಟಾರೋ, ಡೀಸೆಲೋ, ಮಳೆ ಕಾಯುವುದೋ? ‘ಈ’ ಹಾಕಿದ ಮೇಲೆ ಒಂದು ನಾಮಪದ ಇಡಿ: ಈ ಖರ್ಚು, ಈ ಅವಸರ, ಈ ಕಾಯುವಿಕೆ. ಒಳ್ಳೆಯ ನಾಮಪದ ಹಿಂದಿನ ಇಡೀ ಪ್ಯಾರಾವನ್ನು ಒಂದು ಮುಷ್ಟಿಯಲ್ಲಿ ಹಿಡಿಯುತ್ತದೆ, ಜೊತೆಗೆ ನಿಮ್ಮ ಅಭಿಪ್ರಾಯವನ್ನೂ ಹೇಳಿಬಿಡುತ್ತದೆ. ಹಾಗೆಂದು ಹಿಂದಿನ ವಾಕ್ಯವನ್ನೇ ಪೂರ್ತಿ ಮರಳಿ ಹೇಳಿಕೊಂಡು ಹೊರಡಬೇಡಿ, ಅದು ಹರಿಕಥೆಯಾಗುತ್ತದೆ.

ಆದಾಗ್ಯೂಗಿಂತ ದೊಡ್ಡ ಅಪರಾಧ ನಿಮ್ಮ ಐದನೇ ಪ್ಯಾರಾದಲ್ಲಿದೆ. ನಾಲ್ಕನೆಯದು ಕೆರೆ ಬತ್ತುವುದರಲ್ಲಿ ಮುಗಿಯುತ್ತದೆ. ಐದನೆಯದು ‘ಆದ್ದರಿಂದ, ನೆರಳು ಮರಗಳನ್ನು ಉಳಿಸಬೇಕು’ ಎನ್ನುತ್ತದೆ. ಕೆರೆಯಿಂದ ಮರಕ್ಕೆ ಹಾರಿದ್ದು ಹೇಗೆ? ನಿಮ್ಮ ತಲೆಯಲ್ಲಿ ದಾರಿ ಇದೆ, ಬೆಳೆಗಾರರಾದ್ದರಿಂದ ಇರಲೇಬೇಕು. ಕಾಗದದ ಮೇಲೆ ಇಲ್ಲ. ನಡುವೆ ಇರಬೇಕಾದ ಮಾತು ಇಷ್ಟು: ನೆರಳಿದ್ದ ಕಡೆ, ತರಗೆಲೆ ಹಾಸಿದ ಕಡೆ ಮಣ್ಣಿನ ತೇವ ಬೇಗ ಆರುವುದಿಲ್ಲ, ತೇವ ನಿಂತರೆ ಕೆರೆಗೆ ಕೈ ಹಾಕುವುದು ಕಡಿಮೆಯಾಗುತ್ತದೆ. ಈ ಎರಡು ಸಾಲು ಬರೆದರೆ ಆದ್ದರಿಂದ ಬೇಕಾಗಿಯೇ ಇಲ್ಲ. ಬರೆಯದಿದ್ದರೆ ಆದ್ದರಿಂದ ಹಾಕಿಯೂ ಪ್ರಯೋಜನವಿಲ್ಲ. ಕೊಂಡಿಪದದ ಚಾಳಿ ಯಾಕೆ ಕೆಟ್ಟದ್ದೆಂದರೆ, ಯೋಚನೆಯಲ್ಲಿರುವ ಗುಂಡಿಯ ಮೇಲೆ ಅದು ಸೊಪ್ಪು ಮುಚ್ಚುತ್ತದೆ. ಬರೆದವರಿಗೇ ಗುಂಡಿ ಕಾಣುವುದಿಲ್ಲ.

ಕಂಡುಕೊಳ್ಳಲು ಎರಡು ಉಪಾಯ. ಪೆನ್ಸಿಲ್ ಹಿಡಿದು ಪ್ಯಾರಾಗಳ ತಲೆಯಲ್ಲಿರುವ ಕೊಂಡಿಗಳನ್ನೆಲ್ಲ ಹೊಡೆದುಹಾಕಿ ಗಟ್ಟಿಯಾಗಿ ಓದಿ. ಎಡವದೆ ಸಾಗಿದ ಕಡೆ ಅದು ಬೇಡವಾಗಿತ್ತು. ಎಡವಿದ ಕಡೆ ತಟ್ಟನೆ ಕೊಂಡಿ ಮರಳಿ ಇಡಬೇಡಿ, ಯಾವ ವಾಕ್ಯ ಬಿಟ್ಟುಹೋಗಿದೆ ಎಂದು ಹುಡುಕಿ. ಆಮೇಲೆ ಪ್ರತಿ ಪ್ಯಾರಾದ ಮೊದಲ ಮತ್ತು ಕೊನೆಯ ವಾಕ್ಯವನ್ನು ಒಂದೊಂದು ಚೀಟಿಯಲ್ಲಿ ಬರೆದು, ಕಲೆಸಿ, ಪ್ರಬಂಧ ಓದಿರದ ಯಾರಿಗಾದರೂ ಕೊಡಿ. ಕ್ರಮವಾಗಿ ಜೋಡಿಸಿದರೆ ಬೆಸುಗೆ ಸರಿಯಿದೆ. ಹೇಗೆ ಜೋಡಿಸಿದರೂ ನಡೆಯುತ್ತದೆ ಎಂದರೆ ನೀವು ಬರೆದದ್ದು ಪ್ರಬಂಧವಲ್ಲ, ಸಂತೆಯ ಚೀಟಿ. ‘ಅಲ್ಲದೆ’, ‘ಮೇಲಾಗಿ’ಗಳಿಂದ ಶುರುವಾಗುವ ಪ್ಯಾರಾಗಳ ಗತಿ ಸಾಮಾನ್ಯವಾಗಿ ಇದೇ, ಯಾವುದನ್ನು ಎಲ್ಲಿಟ್ಟರೂ ಅವು ತಕರಾರು ಮಾಡುವುದಿಲ್ಲ.

ಇನ್ನೊಂದು ಮಾತು, ಇದಕ್ಕೆ ನಿಮ್ಮನ್ನಲ್ಲ, ನಿಮಗೆ ಕಲಿಸಿದವರನ್ನು ಬೈಯಬೇಕು. ಒಂದೇ ಪದ ಮತ್ತೆ ಮತ್ತೆ ಬರಬಾರದೆಂದು ನೀವು ಹೂಮಳೆಯನ್ನು ಒಂದು ಕಡೆ ‘ವರ್ಷಧಾರೆ’, ಇನ್ನೊಂದು ಕಡೆ ‘ಬೇಸಿಗೆಯ ವೃಷ್ಟಿ’ ಮಾಡಿದ್ದೀರಿ. ಓದುಗ ಮೂರು ಬೇರೆ ಮಳೆ ಎಂದುಕೊಳ್ಳುತ್ತಾನೆ. ಪ್ರಬಂಧದ ಮುಖ್ಯ ಪದವನ್ನು ಬದಲಿಸದೆ ಮರಳಿ ಮರಳಿ ತರುವುದೇ ಅತ್ಯಂತ ಗಟ್ಟಿ ಅಂಟು. ಹೂಮಳೆ ಹೂಮಳೆಯಾಗಿಯೇ ಇರಲಿ.

ಕನ್ನಡಕ್ಕೆ ತನ್ನದೇ ಅಂಟೂ ಇದೆ. ‘ಮೋರೋವರ್, ಪೆಪ್ಪರ್ ಆಲ್ಸೋ’ ಎಂದು ಇಂಗ್ಲಿಷು ಎಳೆಯುವಲ್ಲಿ ನಮಗೆ ‘ಮೆಣಸೂ’ ಎಂಬ ಒಂದು ದೀರ್ಘ ಸಾಕು. ‘ಅರೇಬಿಕಾ ಹೇಗೋ ತಡೆದುಕೊಂಡಿತು, ರೊಬಸ್ಟಾ ಅಂತೂ ಸೋತಿತು’ ಎಂದಾಗ ಹೌವೆವರ್ ಮಾಡುವ ಕೆಲಸವನ್ನು ‘ಅಂತೂ’ ಮಾಡಿ ಮುಗಿಸಿರುತ್ತದೆ. ಸಂಬಂಧಾರ್ಥಕಾವ್ಯಯ ಎಂದು ಶಾಲೆಯಲ್ಲಿ ಉರು ಹೊಡೆಸುತ್ತಾರೆ, ಅದನ್ನು ಎಲ್ಲಿ ಬಿಡಬೇಕೆಂದು ಹೇಳುವುದಿಲ್ಲ. ಗೈಡುಗಳಲ್ಲಿ ಪೀಠಿಕೆ, ವಿವರಣೆ, ಉಪಸಂಹಾರ. ಉಪಸಂಹಾರಕ್ಕೆ ಕಡ್ಡಾಯವಾಗಿ ‘ಒಟ್ಟಾರೆಯಾಗಿ’. ಟಿವಿ ಹಾಕಿದರೆ ‘ಏತನ್ಮಧ್ಯೆ’. ಮಡಿಕೇರಿಯ ಸಂತೆಯಲ್ಲಾಗಲಿ ವಿರಾಜಪೇಟೆಯ ಬಸ್‌ಸ್ಟ್ಯಾಂಡಿನಲ್ಲಾಗಲಿ ಬಾಯಿಬಿಟ್ಟು ಏತನ್ಮಧ್ಯೆ ಎಂದ ಒಬ್ಬನನ್ನು ತೋರಿಸಿ! ಇಂಗ್ಲಿಷ್ ಸುದ್ದಿಯ ‘ಮೀನ್‌ವೈಲ್’ಗೆ ಪದ ಬೇಕಾಗಿತ್ತು, ತಂದು ಕೂರಿಸಿದರು. ಈಗ ಎರಡು ಸುದ್ದಿಗೆ ಸಂಬಂಧವೇ ಇಲ್ಲದಿದ್ದರೂ ನಡುವೆ ಅದನ್ನಿಟ್ಟು ಮದುವೆ ಮಾಡಿಸುತ್ತಾರೆ.

ಕೊಂಡಿಪದ ಬೇಡವೇ ಬೇಡ ಎನ್ನುವಷ್ಟು ಮಡಿವಂತಿಕೆ ನನಗಿಲ್ಲ. ಮಾತು ನಿಜವಾಗಿ ತಿರುಗುವಲ್ಲಿ ‘ಆದರೆ’ ಬೇಕೇಬೇಕು. ನಿಮ್ಮ ಪ್ರಬಂಧದಲ್ಲಿ ಅಂಥ ತಿರುವು ಒಂದೇ ಇದೆ: ಸ್ಪ್ರಿಂಕ್ಲರಿನಿಂದ ಕಾಯೇನೋ ಕಟ್ಟಿತು, ಎಲ್ಲರೂ ಒಂದೇ ವಾರ ಮೋಟಾರ್ ಹಾಕಿದ್ದಕ್ಕೆ ಕೆರೆ ತಳ ಕಂಡಿತು. ಅಲ್ಲಿ ನೀವು ‘ಮೇಲಾಗಿ’ ಎಂದಿದ್ದೀರಿ! ಅದನ್ನು ತೆಗೆದು ‘ಆದರೆ’ ಇಡಿ, ಉಳಿದ ನಾಲ್ಕನ್ನೂ ಹೊಡೆದುಹಾಕಿ, ನೆರಳಿನ ಆ ಎರಡು ಸಾಲು ಸೇರಿಸಿ ಕಳಿಸಿ. ಜನವರಿ ಮುಗಿಯುವುದರೊಳಗೆ ಕೈಸೇರಿದರೆ ಹೂಮಳೆಯ ಹೊತ್ತಿಗೆ ಅಚ್ಚಾಗುತ್ತದೆ.

– ಸಂ.