ಫಿಗ್ಮಾದಲ್ಲಿ 43, ಬ್ರೌಸರ್‌ನಲ್ಲಿ 50

"ಫಿಗ್ಮಾದಲ್ಲಿ ನನ್ನ ಬಟನ್ 43 ಪಿಕ್ಸೆಲ್ ಎತ್ತರ. ಡೆವಲಪರ್ ಅದೇ 12 ಪ್ಯಾಡಿಂಗ್ ಕೊಟ್ಟರೂ ಬ್ರೌಸರ್‌ನಲ್ಲಿ 50 ಬರ್ತಿದೆ. ಹ್ಯಾಂಡಾಫ್‌ನಲ್ಲಿ ಏನು ಬಿಟ್ಟೆ?"

ಬಹುಶಃ ಸಾಲಿನ ಎತ್ತರ ಮತ್ತು ಬಾರ್ಡರ್. ಇಂಟರ್ ಫಾಂಟ್ 16ಕ್ಕೆ ಲೈನ್ ಹೈಟ್ `Auto` ಬಿಟ್ಟರೆ ಫಿಗ್ಮಾ ಸುಮಾರು 19 ತೆಗೆದುಕೊಳ್ಳುತ್ತದೆ. ಕೋಡ್‌ನಲ್ಲಿ 1.5 ಇದ್ದರೆ ಅದು 24. ಅಲ್ಲೇ 5 ಜಾಸ್ತಿ ಆಯಿತು. ಉಳಿದ 2 ಬಾರ್ಡರ್‌ನದು, ಮೇಲೆ 1, ಕೆಳಗೆ 1. ಆಟೋ ಲೇಔಟ್ ಸಾಮಾನ್ಯವಾಗಿ ಸ್ಟ್ರೋಕ್ ಅನ್ನು ಅಳತೆಗೆ ಸೇರಿಸುವುದಿಲ್ಲ, ಸಿಎಸ್‌ಎಸ್ ಸೇರಿಸುತ್ತದೆ. ನಿಮ್ಮ ಕೋಡ್ ನಾನು ನೋಡಿಲ್ಲ, ಹಾಗಾಗಿ ಮೊದಲು ಡೆವಲಪರ್ ಹತ್ತಿರ `Computed` ಪ್ಯಾನೆಲ್‌ನಲ್ಲಿ `line-height` ನೋಡಿಸಿ.

24 ಅಂತ ಬಂದರೆ ಟೆಕ್ಸ್ಟ್ ಸ್ಟೈಲ್‌ನಲ್ಲೇ 24 ಹಾಕಿ. ಆಮೇಲೆ ಆಟೋ ಲೇಔಟ್‌ನಲ್ಲಿ ಸ್ಟ್ರೋಕ್ ಅನ್ನು ಅಳತೆಗೆ ಸೇರಿಸಿ, ಫಿಗ್ಮಾದಲ್ಲೂ ಕೋಡ್‌ನಲ್ಲೂ ಮೇಲೆ ಕೆಳಗೆ ಪ್ಯಾಡಿಂಗ್ 11 ಮಾಡಿ. 11+24+11, ಬಾರ್ಡರ್ 2, ಒಟ್ಟು 48. ಎರಡೂ ಕಡೆ ಅದೇ ಬರುತ್ತದೆ.

ಹೋವರ್, ಫೋಕಸ್, ಡಿಸೇಬಲ್ಡ್, ಲೋಡಿಂಗ್ ಎಲ್ಲಕ್ಕೂ ವೇರಿಯಂಟ್ ಮಾಡಿ, ಎಲ್ಲವೂ 48 ಇರಲಿ. ಫೋಕಸ್ ಗೆರೆಗೆ ಬಾರ್ಡರ್ ಬೇಡ, `outline` ಅಂತ ಬರೆದುಕೊಡಿ. ಇಲ್ಲದಿದ್ದರೆ ಟ್ಯಾಬ್ ಒತ್ತಿದಾಗ ಬಟನ್ ಜಿಗಿಯುತ್ತದೆ, ಇದು ಬಳಸುವವರಿಗೆ ನಿಜಕ್ಕೂ ಕಿರಿಕಿರಿ.

ಬಟನ್‌ನಲ್ಲಿ ಐಕಾನ್ ಇದ್ದರೆ ಒಳಗಿನ ಆಕಾರವನ್ನಲ್ಲ, 24×24 ಫ್ರೇಮನ್ನೇ ಆಯ್ದು ಎಸ್‌ವಿಜಿ ಎಕ್ಸ್‌ಪೋರ್ಟ್ ಮಾಡಿ. ಆಗ ಸುತ್ತಲಿನ ಖಾಲಿ ಜಾಗವೂ ಜೊತೆಗೆ ಹೋಗುತ್ತದೆ.